ರಬ್ಬರಿನಂಥ ಪನೀರ್, ಪುಡಿಯಾಗುವ ಪನೀರ್: ಹಾಲಿನ ಜಿಡ್ಡಿನ ಜಮಾ-ಖರ್ಚು

ಪನೀರ್ ತಯಾರಿಸುವ ಸಣ್ಣ ಘಟಕಗಳಿಗೆ ಹೋಟೆಲುಗಳಿಂದಲೂ ಅಡುಗೆ ಗುತ್ತಿಗೆದಾರರಿಂದಲೂ ಬರುವ ದೂರುಗಳು ಮುಖ್ಯವಾಗಿ ಎರಡು. ತುಂಡು ಅಗಿಯಲು ಬಾರದಷ್ಟು ಬಿಗಿಯಾಗಿದ್ದು ರಬ್ಬರಿನಂತಿದೆ ಎಂಬುದು ಒಂದು. ಚಾಕು ತಾಗಿಸಿದೊಡನೆ ಅಂಚು ಉದುರುತ್ತದೆ, ಮಸಾಲೆಯಲ್ಲಿ ಕುದಿಸಿದರೆ ಪುಡಿಯಾಗುತ್ತದೆ ಎಂಬುದು ಇನ್ನೊಂದು. ಇವೆರಡೂ ಪರಸ್ಪರ ವಿರುದ್ಧವಾದ ದೋಷಗಳಾದರೂ, ಲೆಕ್ಕಪತ್ರದ ದೃಷ್ಟಿಯಿಂದ ನೋಡಿದಾಗ ಎರಡೂ ಒಂದೇ ಸಂಗತಿಯನ್ನು ಹೇಳುತ್ತವೆ. ಹಣ ಕೊಟ್ಟು ಕೊಂಡ ಹಾಲಿನ ಯಾವುದೋ ಒಂದು ಅಂಶ ಪನೀರಿನಲ್ಲಿ ಉಳಿಯದೆ ಹೊರಗೆ ಹೋಗಿದೆ ಎಂಬುದೇ ಆ ಸಂಗತಿ. ರಬ್ಬರಿನಂಥ ಪನೀರಿನಲ್ಲಿ ಹೋಗಿರುವುದು ಸಾಮಾನ್ಯವಾಗಿ ಜಿಡ್ಡು ಅಥವಾ ನೀರು. ಪುಡಿಯಾಗುವ ಪನೀರಿನಲ್ಲಿ ಹಲವು ಬಾರಿ ಜಿಡ್ಡು ಮತ್ತು ಸಸಾರಜನಕ ಎರಡೂ ಹಾಲೊಡಕಿನೊಂದಿಗೆ ಹರಿದು ಹೋಗಿರುತ್ತವೆ.

ಆದ್ದರಿಂದ ಗುಣಮಟ್ಟದ ದೂರನ್ನೂ ಇಳುವರಿಯ ಲೆಕ್ಕವನ್ನೂ ಪ್ರತ್ಯೇಕವಾಗಿ ನೋಡುವ ಬದಲು ಒಟ್ಟಿಗೆ ನೋಡುವುದು ಉಚಿತ. ಈ ಲೇಖನದಲ್ಲಿ ಎಮ್ಮೆ ಹಾಲಿನಿಂದ ಪನೀರ್ ತಯಾರಿಸುವ ಘಟಕವೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು, ಹಾಲಿನ ಜಿಡ್ಡಿನಂಶ ಹೆಚ್ಚು ಕಡಿಮೆಯಾದಾಗ ಪನೀರಿನ ಮೃದುತ್ವ, ತೂಕ, ಕಾನೂನುಬದ್ಧತೆ ಮತ್ತು ಲಾಭ ಹೇಗೆ ಬದಲಾಗುತ್ತವೆ ಎಂಬುದನ್ನು ಪರಿಶೀಲಿಸಲಾಗಿದೆ.

ಪನೀರಿನ ಒಳರಚನೆ

ಹಾಲಿನ ಪ್ರಮುಖ ಸಸಾರಜನಕವಾದ ಕೇಸೀನ್ ಅತಿ ಸೂಕ್ಷ್ಮ ಕಣಗಳ ರೂಪದಲ್ಲಿ ತೇಲಾಡುತ್ತಿರುತ್ತದೆ. ಬಿಸಿ ಹಾಲಿಗೆ ಆಮ್ಲ ಬಿದ್ದಾಗ ಈ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಲೆಯಂತೆ ಹೆಣೆದುಕೊಳ್ಳುತ್ತವೆ. ಹಾಲಿನ ಜಿಡ್ಡಿನ ಗೋಲಿಗಳು ಮತ್ತು ನೀರು ಈ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹೀಗೆ ಬಲೆ, ಜಿಡ್ಡು, ನೀರು ಈ ಮೂರೂ ಸೇರಿದುದೇ ಪನೀರ್.

ಇಲ್ಲಿ ಜಿಡ್ಡಿನ ಪಾತ್ರವನ್ನು ಸರಿಯಾಗಿ ತಿಳಿಯಬೇಕು. ಜಿಡ್ಡು ಕೇವಲ ರುಚಿಯನ್ನಾಗಲಿ ತೂಕವನ್ನಾಗಲಿ ಕೊಡುವ ವಸ್ತುವಲ್ಲ. ಕೇಸೀನಿನ ಎಳೆಗಳ ನಡುವೆ ನಿಂತು ಅವು ಪೂರ್ತಿಯಾಗಿ ಒಂದಕ್ಕೊಂದು ಬಿಗಿದುಕೊಳ್ಳದಂತೆ ತಡೆಯುವುದು ಅದರ ಕೆಲಸ. ಜಿಡ್ಡು ಸಾಕಷ್ಟಿದ್ದಾಗ ಬಲೆ ಸಡಿಲವಾಗಿದ್ದು ಪನೀರ್ ಮೃದುವಾಗಿರುತ್ತದೆ. ಜಿಡ್ಡು ಕಡಿಮೆಯಾದಾಗ ಎಳೆಗಳು ನೇರವಾಗಿ ಎಳೆಗಳಿಗೇ ಅಂಟಿಕೊಂಡು ದಟ್ಟವಾದ, ಪುಟಿಯುವ ಮುದ್ದೆಯಾಗುತ್ತದೆ. ಹಲ್ಲಿಗೆ ಸಿಕ್ಕಾಗ ಕಿರುಗುಟ್ಟುವ ರಬ್ಬರಿನ ಗುಣ ಬರುವುದು ಇದರಿಂದಲೇ.

ಎಮ್ಮೆ ಹಾಲು ಪನೀರಿಗೆ ಹೆಚ್ಚು ಸೂಕ್ತವೆನಿಸಿರುವುದಕ್ಕೂ ಇದೇ ಹಿನ್ನೆಲೆ. ಆಕಳ ಹಾಲಿಗಿಂತ ಅದರಲ್ಲಿ ಜಿಡ್ಡು, ಕೇಸೀನ್ ಮತ್ತು ಸುಣ್ಣದ ಅಂಶ ಮೂರೂ ಹೆಚ್ಚು. ಬಲೆ ಗಟ್ಟಿಯಾಗಿಯೂ ಇರುತ್ತದೆ, ಜಿಡ್ಡಿನಿಂದ ಮೃದುವಾಗಿಯೂ ಇರುತ್ತದೆ. ಧಾರವಾಡ, ಬೆಳಗಾವಿ ಕಡೆಯ ಘಟಕಗಳಿಗೆ ಎಮ್ಮೆ ಹಾಲು ದೊರೆಯುತ್ತದೆ. ದಕ್ಷಿಣ ಜಿಲ್ಲೆಗಳಲ್ಲಿ ಮಿಶ್ರತಳಿ ಆಕಳ ಹಾಲೇ ಹೆಚ್ಚು. ಒಂದು ಕಡೆಯ ಕ್ರಮವನ್ನು ಇನ್ನೊಂದು ಕಡೆ ಯಥಾವತ್ತಾಗಿ ಅನುಸರಿಸಿದಾಗ ಪನೀರ್ ಪುಡಿಯಾಗುವುದನ್ನು ಮುಂದೆ ನೋಡೋಣ.

ಸರಿಯಾದ ಕ್ರಮ

ಹೋಲಿಕೆಗಾಗಿ ಮೊದಲು ರೂಢಿಯಲ್ಲಿರುವ ಪ್ರಮಾಣಿತ ಕ್ರಮವನ್ನು ಗಮನಿಸಬಹುದು. ಎಮ್ಮೆ ಹಾಲಿನ ಜಿಡ್ಡಿನಂಶವನ್ನು ಶೇ. 5.8ರಿಂದ 6ಕ್ಕೆ ಹೊಂದಿಸಿಕೊಂಡು, ಹಾಲನ್ನು 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ನಂತರ 70 ಡಿಗ್ರಿಗೆ ಇಳಿಸಬೇಕು. ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಶೇ. 1ರ ಪ್ರಮಾಣದಲ್ಲಿ ಕರಗಿಸಿ, ಆ ದ್ರಾವಣವನ್ನೂ 70 ಡಿಗ್ರಿಗೆ ಬಿಸಿ ಮಾಡಿ, ಹಾಲನ್ನು ನಿಧಾನವಾಗಿ ತಿರುವುತ್ತಾ ಸೇರಿಸಬೇಕು. 100 ಕೆ.ಜಿ. ಹಾಲಿಗೆ ಸುಮಾರು 200ರಿಂದ 250 ಗ್ರಾಂ ಆಮ್ಲ, ಅಂದರೆ 20ರಿಂದ 25 ಲೀಟರ್ ದ್ರಾವಣ ಬೇಕಾಗುತ್ತದೆ. ತಿಳಿಯಾದ ಹಸಿರು ಮಿಶ್ರಿತ ಹಳದಿ ಬಣ್ಣದ ಹಾಲೊಡಕು ಬೇರ್ಪಟ್ಟ ಕ್ಷಣವೇ ಆಮ್ಲ ಹಾಕುವುದನ್ನು ನಿಲ್ಲಿಸತಕ್ಕದ್ದು. ಆಗ ಪಿ.ಹೆಚ್. ಮಟ್ಟ 5.3ರ ಆಸುಪಾಸಿನಲ್ಲಿರುತ್ತದೆ.

ಬಳಿಕ ಗಿಣ್ಣನ್ನು ಕದಡದೆ ಐದರಿಂದ ಹತ್ತು ನಿಮಿಷ ಬಿಡಬೇಕು. ಈ ಅವಧಿಯಲ್ಲಿ ಹಾಲೊಡಕಿನ ಉಷ್ಣತೆ 63 ಡಿಗ್ರಿಗಿಂತ ಕೆಳಗಿಳಿಯಬಾರದು. ನಂತರ ಬಟ್ಟೆ ಹಾಸಿದ ಚೌಕಟ್ಟಿಗೆ ತುಂಬಿ ಒತ್ತಬೇಕು. 35 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ಚೌಕಟ್ಟಿಗೆ 45 ಕೆ.ಜಿ. ಭಾರವನ್ನು 15ರಿಂದ 20 ನಿಮಿಷ ಇಟ್ಟರೆ ಸಾಕು. ಕೊನೆಯಲ್ಲಿ ಗಡ್ಡೆಯನ್ನು ಕತ್ತರಿಸಿ, 4ರಿಂದ 6 ಡಿಗ್ರಿಯ ಶುದ್ಧ ತಣ್ಣೀರಿನಲ್ಲಿ ಎರಡು ಮೂರು ಗಂಟೆ ಮುಳುಗಿಸಿಡಬೇಕು.

90 ಡಿಗ್ರಿವರೆಗೆ ಕಾಯಿಸುವುದು ಕೇವಲ ಕ್ರಿಮಿನಾಶಕ್ಕಾಗಿ ಅಲ್ಲ ಎಂಬುದನ್ನು ಗಮನಿಸಬೇಕು. ಹಾಲಿನಲ್ಲಿ ಕೇಸೀನ್ ಅಲ್ಲದ ಇನ್ನೊಂದು ಬಗೆಯ ಸಸಾರಜನಕವಿದೆ. ಸಾಮಾನ್ಯವಾಗಿ ಅದು ಹಾಲೊಡಕಿನೊಂದಿಗೆ ಹರಿದು ಹೋಗುವಂಥದ್ದು. ಹಾಲನ್ನು ಈ ಮಟ್ಟಕ್ಕೆ ಕಾಯಿಸಿದಾಗ ಅದರ ಬಹುಪಾಲು ಕೇಸೀನಿಗೆ ಅಂಟಿಕೊಂಡು ಪನೀರಿನಲ್ಲೇ ಉಳಿಯುತ್ತದೆ, ಜೊತೆಗೆ ನೀರನ್ನೂ ಹಿಡಿದಿಡುತ್ತದೆ. ಇಂಧನ ಉಳಿಸಲೆಂದು ಹಾಲನ್ನು ಅರೆಬಿಸಿ ಮಾಡಿ ಒಡೆಸುವ ಘಟಕವು ಅನಿಲದಲ್ಲಿ ಉಳಿಸಿದ್ದನ್ನು ತೂಕದಲ್ಲಿ ಕಳೆದುಕೊಳ್ಳುತ್ತದೆ.

ರಬ್ಬರಿನಂತಾಗುವುದು ಏಕೆ?

ಮೊದಲ ಕಾರಣ ಹಾಲಿನಲ್ಲಿಯೇ ಜಿಡ್ಡು ಕಡಿಮೆ ಇರುವುದು. ಕೆನೆ ತೆಗೆದ ಹಾಲಿನಿಂದ ಅಥವಾ ಟೋನ್ಡ್ ಹಾಲಿನಿಂದ ತಯಾರಿಸಿದ ಪನೀರ್ ಎಷ್ಟೇ ಜಾಗ್ರತೆ ವಹಿಸಿದರೂ ಬಿಗಿಯಾಗಿಯೇ ಬರುತ್ತದೆ. ಇದರ ಗುರುತು ಸುಲಭ. ತುಂಡನ್ನು ಬೆರಳುಗಳ ನಡುವೆ ಒತ್ತಿ ಬಿಟ್ಟರೆ ಚೆಂಡಿನಂತೆ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ, ಕೈಗೆ ಜಿಡ್ಡು ಹತ್ತುವುದಿಲ್ಲ. ಎಣ್ಣೆಯಲ್ಲಿ ಕರಿದಾಗ ಇನ್ನಷ್ಟು ಗಟ್ಟಿಯಾಗುತ್ತದೆ.

ಎರಡನೆಯ ಕಾರಣ ನೀರಿನ ನಷ್ಟ. ಹಾಲಿನಲ್ಲಿ ಜಿಡ್ಡು ಸಾಕಷ್ಟಿದ್ದರೂ ಒಡೆಸುವಾಗ ಉಷ್ಣತೆ 80 ಡಿಗ್ರಿ ದಾಟಿದ್ದರೆ ಬಲೆ ವೇಗವಾಗಿ ಕುಗ್ಗಿ ನೀರನ್ನು ಹೊರದಬ್ಬುತ್ತದೆ. ಆಮ್ಲದ ದ್ರಾವಣ ಶೇ. 2ರಷ್ಟು ತೀಕ್ಷ್ಣವಾಗಿದ್ದರೂ, ಒಡೆದ ಹಾಲನ್ನು ಒಲೆಯ ಮೇಲೆಯೇ ಬಿಟ್ಟು ಕುದಿಸಿದರೂ, ಅಥವಾ ಗಡ್ಡೆಯ ಮೇಲೆ ಭಾರವನ್ನು ಗಂಟೆಗಟ್ಟಲೆ ಇಟ್ಟು ಮರೆತರೂ ಫಲಿತಾಂಶ ಒಂದೇ. ಈ ಪನೀರ್ ಬಿಗಿಯಾಗಿದ್ದರೂ ಕೈಗೆ ಜಿಡ್ಡು ಹತ್ತುತ್ತದೆ. ಮೊದಲನೆಯದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಮೊದಲನೆಯದನ್ನು ಸರಿಪಡಿಸಬೇಕಾದುದು ಹಾಲು ಕೊಳ್ಳುವ ಹಂತದಲ್ಲಿ, ಎರಡನೆಯದನ್ನು ಕಡಾಯಿಯ ಬಳಿ.

ಪುಡಿಯಾಗುವುದು ಏಕೆ?

ಪುಡಿಯಾಗುವ ಪನೀರಿನಲ್ಲಿ ಬಲೆ ಒಂದೇ ಹಾಸಾಗಿ ಹೆಣೆದುಕೊಂಡಿರುವುದಿಲ್ಲ. ಪ್ರತ್ಯೇಕ ಕಾಳುಗಳು ಒತ್ತಡದಿಂದ ಹತ್ತಿರ ಬಂದಿರುತ್ತವೆಯಷ್ಟೇ. ಇದಕ್ಕೆ ಅತಿ ಸಾಮಾನ್ಯವಾದ ಕಾರಣ ಆಮ್ಲ ಅತಿಯಾಗುವುದು. ಹಾಲು ಒಡೆದ ಮೇಲೂ ‘ಇನ್ನೂ ಸ್ವಲ್ಪ ಇರಲಿ’ ಎಂದು ಸುರಿಯುವ ಆಮ್ಲದಿಂದ ಪಿ.ಹೆಚ್. 5ಕ್ಕಿಂತ ಕೆಳಗಿಳಿದಾಗ, ಕೇಸೀನ್ ಕಣಗಳನ್ನು ಬೆಸೆದಿಟ್ಟಿರುವ ಸುಣ್ಣದ ಅಂಶ ಕರಗಿ ಹಾಲೊಡಕಿಗೆ ಸೇರಿಬಿಡುತ್ತದೆ. ಬೆಸುಗೆ ಸಡಿಲವಾದ ಕಾಳುಗಳು ತಮ್ಮಷ್ಟಕ್ಕೆ ಮುದುಡಿಕೊಂಡು ಒಣಗುತ್ತವೆ. ಇಂಥ ಪನೀರನ್ನು ಬಾಯಿಗೆ ಹಾಕಿಕೊಂಡರೆ ಹುಳಿಯೂ ತಿಳಿಯುತ್ತದೆ, ಮರಳು ಮರಳಾಗಿಯೂ ಇರುತ್ತದೆ. ಬೆಳಿಗ್ಗೆ ಸಂಗ್ರಹಿಸಿ ತಂಪು ಮಾಡದೆ ಮಧ್ಯಾಹ್ನದವರೆಗೆ ಇಟ್ಟ ಹಾಲಿನಲ್ಲಿ ಹುಳಿ ಆಗಲೇ ಹುಟ್ಟಿರುವುದರಿಂದ, ಎಂದಿನ ಪ್ರಮಾಣದ ಆಮ್ಲವೂ ಅದಕ್ಕೆ ಹೆಚ್ಚಾಗುತ್ತದೆ. ಆದುದರಿಂದ ಆಮ್ಲವನ್ನು ಅಳತೆಯಿಂದ ಮಾತ್ರ ನಿರ್ಧರಿಸದೆ ಹಾಲೊಡಕಿನ ಬಣ್ಣದಿಂದ ನಿರ್ಧರಿಸುವುದು ಕ್ಷೇಮ.

ಎರಡನೆಯದು ರಭಸವಾಗಿ ತಿರುವುವುದು. ಗಿಣ್ಣು ಕಟ್ಟುತ್ತಿರುವಾಗ ಸೌಟಿನಿಂದ ಒಡೆದರೆ ಬಲೆ ಹರಿದು ಅದರಲ್ಲಿದ್ದ ಜಿಡ್ಡು ಹೊರಗೆ ಬೀಳುತ್ತದೆ. ಹಾಲೊಡಕು ಬಿಳಿಯಾಗಿ ಮಂದವಾಗಿದ್ದರೆ, ತಣ್ಣಗಾದ ಮೇಲೆ ಅದರ ಮೇಲೆ ಕೆನೆಯ ಪದರ ಕಟ್ಟಿದರೆ, ನಷ್ಟವಾಗಿದೆ ಎಂದೇ ತಿಳಿಯಬೇಕು. ಆಮ್ಲ ಕಡಿಮೆಯಾಗಿ ಪಿ.ಹೆಚ್. 5.5ರ ಮೇಲೆಯೇ ನಿಂತಾಗಲೂ ಹಾಲೊಡಕು ಮಂದವಾಗಿರುತ್ತದೆ. ಆಗ ಪನೀರ್ ಒಣಗಿ ಪುಡಿಯಾಗುವುದಿಲ್ಲ, ಬದಲಾಗಿ ತೀರ ಮೆತ್ತಗಾಗಿ ತುಂಡು ನಿಲ್ಲುವುದಿಲ್ಲ.

ಮೂರನೆಯದು ಹಾಲಿನ ಜಾತಿ. ಆಕಳ ಹಾಲನ್ನು ಎಮ್ಮೆ ಹಾಲಿನ ಕ್ರಮದಂತೆಯೇ 70 ಡಿಗ್ರಿಯಲ್ಲಿ ಒಡೆಸಿದಾಗ ಬಲೆ ದುರ್ಬಲವಾಗಿ, ತುಂಡುಗಳು ಕುದಿಯುವ ಮಸಾಲೆಯಲ್ಲಿ ಬಿಚ್ಚಿಕೊಳ್ಳುತ್ತವೆ. ಆಕಳ ಹಾಲನ್ನು ಸುಮಾರು 80 ಡಿಗ್ರಿಯಲ್ಲಿ ಒಡೆಸಿ, ಪಿ.ಹೆಚ್. ಮಟ್ಟವನ್ನು 5.2ರ ಹತ್ತಿರಕ್ಕೆ ತರಬೇಕು. ಎಮ್ಮೆ ಹಾಲಿಗೆ ದೋಷವಾಗುವ ಉಷ್ಣತೆ ಆಕಳ ಹಾಲಿಗೆ ಅಗತ್ಯವಾಗುತ್ತದೆ ಎಂಬುದು ಇಲ್ಲಿ ವಿಶೇಷ. ಎರಡೂ ಹಾಲನ್ನು ದಿನಕ್ಕೊಂದು ಪ್ರಮಾಣದಲ್ಲಿ ಬೆರೆಸುವ ಘಟಕಗಳಲ್ಲಿ ಗುಣಮಟ್ಟ ದಿನಕ್ಕೊಂದು ಬಗೆಯಾಗುವುದು ಸಹಜವೇ ಆಗಿದೆ.

ಜಿಡ್ಡು ಹೆಚ್ಚಿದಷ್ಟೂ ಒಳ್ಳೆಯದೇ ಎಂಬ ಭಾವನೆಯೂ ಸರಿಯಲ್ಲ. ಜಿಡ್ಡು ಅತಿಯಾದರೆ ಬಲೆಗೆ ಅಷ್ಟನ್ನು ಹಿಡಿದಿಡುವ ಶಕ್ತಿ ಸಾಲದೆ ಪನೀರ್ ಮೆದುವಾಗುತ್ತದೆ, ಹೆಚ್ಚುವರಿ ಜಿಡ್ಡು ಹಾಲೊಡಕಿಗೆ ಸೇರುತ್ತದೆ. ಶೇ. 7ರ ಹಾಲು ಬರುವ ಕಾಲದಲ್ಲಿ ಅದನ್ನು ಶೇ. 6ಕ್ಕೆ ಹೊಂದಿಸಿಕೊಳ್ಳುವುದು ಗುಣಮಟ್ಟಕ್ಕೂ ಆದಾಯಕ್ಕೂ ಹಿತ.

ಇಳುವರಿಯ ಲೆಕ್ಕ

ಈಗ ಅಂಕಿಗಳಿಗೆ ಬರೋಣ. ಶೇ. 6 ಜಿಡ್ಡು ಇರುವ 100 ಕೆ.ಜಿ. ಎಮ್ಮೆ ಹಾಲಿನಲ್ಲಿ 6 ಕೆ.ಜಿ. ಜಿಡ್ಡೂ ಸುಮಾರು 3.8 ಕೆ.ಜಿ. ಸಸಾರಜನಕವೂ ಇರುತ್ತವೆ ಎಂದಿಟ್ಟುಕೊಳ್ಳೋಣ. ಕ್ರಮಬದ್ಧವಾಗಿ ಒಡೆಸಿದರೆ ಈ ಎರಡರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಸ್ವಲ್ಪ ಹೆಚ್ಚು ಪಾಲು ಪನೀರಿನಲ್ಲಿ ಉಳಿಯುತ್ತದೆ: ಜಿಡ್ಡು 5.6 ಕೆ.ಜಿ., ಸಸಾರಜನಕ 3.5 ಕೆ.ಜಿ. ಹಾಲಿನ ಸಕ್ಕರೆ ಮತ್ತು ಲವಣಗಳ ಬಹುಭಾಗ ಹಾಲೊಡಕಿಗೆ ಹೋಗಿ, ಪನೀರಿನಲ್ಲಿರುವ ನೀರಿನೊಂದಿಗೆ ಸುಮಾರು 0.9 ಕೆ.ಜಿ. ಮಾತ್ರ ಉಳಿಯುತ್ತದೆ. ಹೀಗೆ ಒಟ್ಟು ಘನಾಂಶ 10 ಕೆ.ಜಿ.

ಈ 10 ಕೆ.ಜಿ. ಘನಾಂಶದಿಂದ ಎಷ್ಟು ಪನೀರ್ ಬರುತ್ತದೆ ಎಂಬುದು ತೇವಾಂಶವನ್ನು ಅವಲಂಬಿಸಿದೆ. ತೇವಾಂಶ ಶೇ. 54 ಇದ್ದರೆ 21.7 ಕೆ.ಜಿ. ಬರುತ್ತದೆ. ಅದೇ ಹಾಲನ್ನು ಅತಿ ಬಿಸಿಯಲ್ಲಿ ಒಡೆಸಿ, ಅತಿಯಾಗಿ ಒತ್ತಿ ತೇವಾಂಶವನ್ನು ಶೇ. 50ಕ್ಕೆ ಇಳಿಸಿದರೆ 20 ಕೆ.ಜಿ. ಮಾತ್ರ. ಎರಡನೆಯ ಬಗೆಯ ರಬ್ಬರ್ ಪನೀರಿನಿಂದ ಆಗುವ 1.7 ಕೆ.ಜಿ. ನಷ್ಟ ಇದೇ. ಇಲ್ಲಿ ಹಾಲಿನದಾಗಲಿ ಜಿಡ್ಡಿನದಾಗಲಿ ತಪ್ಪಿಲ್ಲ. ಹೋಗಿರುವುದು ನೀರು, ಆದರೆ ಅದು ಪನೀರಿನ ಬೆಲೆಗೆ ಮಾರಾಟವಾಗುತ್ತಿದ್ದ ನೀರು.

ಇನ್ನು ಅದೇ ಹಾಲಿನಿಂದ 2 ಕೆ.ಜಿ. ಜಿಡ್ಡನ್ನು ತುಪ್ಪಕ್ಕಾಗಿ ತೆಗೆದು, ಶೇ. 4ರ ಹಾಲಿನಿಂದ ಪನೀರ್ ಮಾಡಿದೆವೆಂದು ಭಾವಿಸೋಣ. ಕೆನೆ ತೆಗೆದಾಗ ಸಸಾರಜನಕಕ್ಕೆ ಹೆಚ್ಚು ಧಕ್ಕೆಯಾಗುವುದಿಲ್ಲ, ಅದು 3.5 ಕೆ.ಜಿ. ಆಗಿಯೇ ಉಳಿಯುತ್ತದೆ. ಜಿಡ್ಡು 3.7 ಕೆ.ಜಿ.ಗೆ ಇಳಿದು, ಇತರ ಅಂಶಗಳು ಸೇರಿ ಘನಾಂಶ 8.05 ಕೆ.ಜಿ. ಆಗುತ್ತದೆ. ಸಸಾರಜನಕದ ಪಾಲು ಹೆಚ್ಚಾದುದರಿಂದ ತೇವಾಂಶದ ಶೇಕಡಾವಾರು ಸ್ವಲ್ಪ ಏರಿ, ಶೇ. 56 ಆಗುತ್ತದೆ ಎಂದು ಹಿಡಿದರೆ ಇಳುವರಿ 18.3 ಕೆ.ಜಿ.

| ವಿವರ (100 ಕೆ.ಜಿ. ಎಮ್ಮೆ ಹಾಲು) | ಶೇ. 6 ಜಿಡ್ಡು | ಶೇ. 4 ಜಿಡ್ಡು |
|---|---|---|
| ಪನೀರಿನಲ್ಲಿ ಉಳಿದ ಜಿಡ್ಡು, ಕೆ.ಜಿ. | 5.6 | 3.7 |
| ಉಳಿದ ಸಸಾರಜನಕ, ಕೆ.ಜಿ. | 3.5 | 3.5 |
| ಸಕ್ಕರೆ ಮತ್ತು ಲವಣ, ಕೆ.ಜಿ. | 0.9 | 0.85 |
| ಒಟ್ಟು ಘನಾಂಶ, ಕೆ.ಜಿ. | 10.0 | 8.05 |
| ತೇವಾಂಶ, ಶೇಕಡಾ | 54 | 56 |
| ಪನೀರ್, ಕೆ.ಜಿ. | 21.7 | 18.3 |
| ಘನಾಂಶದಲ್ಲಿ ಜಿಡ್ಡಿನ ಪಾಲು, ಶೇಕಡಾ | 56 | 46 |

ತೆಗೆದದ್ದು 2 ಕೆ.ಜಿ. ಜಿಡ್ಡು, ಕಡಿಮೆಯಾದದ್ದು 3.4 ಕೆ.ಜಿ. ಪನೀರ್. ಅಂದರೆ ಹಾಲಿನಿಂದ ತೆಗೆದ ಪ್ರತಿ ಕಿಲೋ ಜಿಡ್ಡಿಗೆ ಸುಮಾರು 1.7 ಕೆ.ಜಿ. ಪನೀರ್ ಕೈಬಿಡುತ್ತದೆ. ಜಿಡ್ಡು ತನ್ನ ತೂಕವನ್ನು ಮಾತ್ರವಲ್ಲದೆ, ಬಲೆಯನ್ನು ಸಡಿಲಗೊಳಿಸಿ ಹಿಡಿಸಿಟ್ಟಿದ್ದ ನೀರಿನ ಒಂದು ಪಾಲನ್ನೂ ತನ್ನೊಂದಿಗೆ ಕೊಂಡೊಯ್ಯುವುದರಿಂದ ಹೀಗಾಗುತ್ತದೆ.

ಆಕಳ ಹಾಲಿಗೂ ಇದೇ ರೀತಿ ಲೆಕ್ಕ ಹಾಕಬಹುದು. ಸಸಾರಜನಕ ಶೇ. 3.3, ಜಿಡ್ಡು ಶೇ. 3.5 ಇರುವ ಆಕಳ ಹಾಲಿನಿಂದ, ತೇವಾಂಶ ಶೇ. 55 ಎಂದು ಹಿಡಿದರೆ, ನೂರಕ್ಕೆ 16 ಕೆ.ಜಿ.ಗಿಂತ ಸ್ವಲ್ಪ ಕಡಿಮೆ ಪನೀರ್ ದೊರೆಯುತ್ತದೆ. ಜಿಡ್ಡನ್ನು ಶೇ. 4.5ಕ್ಕೆ ಏರಿಸಿದರೆ 18 ಕೆ.ಜಿ.ಗೆ ಹತ್ತಿರ ಬರುತ್ತದೆ.

ಕಾನೂನಿನ ಗೆರೆ

ಮೇಲಿನ ಪಟ್ಟಿಯ ಕೊನೆಯ ಸಾಲನ್ನು ಓದುಗರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಗಳ ಪ್ರಕಾರ, ‘ಪನೀರ್’ ಎಂದು ಮಾರುವ ಪದಾರ್ಥದಲ್ಲಿ ತೇವಾಂಶ ಶೇ. 60ನ್ನು ಮೀರಬಾರದು ಮತ್ತು ಘನಾಂಶದ ಕನಿಷ್ಠ ಶೇ. 50ರಷ್ಟು ಹಾಲಿನ ಜಿಡ್ಡಾಗಿರಬೇಕು. ಜಿಡ್ಡಿನ ಪಾಲು ಇದಕ್ಕಿಂತ ಕಡಿಮೆ ಇರುವುದನ್ನು ಮಧ್ಯಮ ಜಿಡ್ಡಿನ ಅಥವಾ ಕಡಿಮೆ ಜಿಡ್ಡಿನ ಪನೀರ್ ಎಂಬ ಬೇರೆ ಹೆಸರಿನಲ್ಲಿ, ಆಯಾ ವರ್ಗದ ನಿಯಮಗಳಿಗೆ ಒಳಪಟ್ಟು ಮಾರಬೇಕಾಗುತ್ತದೆ.

ಶೇ. 4ರ ಹಾಲಿನ ಪನೀರಿನಲ್ಲಿ ಜಿಡ್ಡಿನ ಪಾಲು 46. ಅದರಲ್ಲಿ ಯಾವ ಕಲಬೆರಕೆಯೂ ಇಲ್ಲದಿದ್ದರೂ ಕೇವಲ ‘ಪನೀರ್’ ಎಂಬ ಹೆಸರಿಗೆ ಅದು ಅರ್ಹವಲ್ಲ. ನಮ್ಮ ಲೆಕ್ಕದ ಎಮ್ಮೆ ಹಾಲಿನಲ್ಲಿ ಈ ಗೆರೆ ಶೇ. 4.7ರ ಸಮೀಪ ಬರುತ್ತದೆ. ಆಕಳ ಹಾಲಿನಲ್ಲಿ ಸಸಾರಜನಕ ಕಡಿಮೆ ಇರುವುದರಿಂದ ಶೇ. 4.2ರ ಸಮೀಪ. ಆಕಳ ಹಾಲಿನಿಂದ ಮಾತ್ರ ಪನೀರ್ ಮಾಡುವವರು, ಶೇ. 3.5ರ ಹಾಲನ್ನು ಯಾವುದೇ ಕೆನೆ ತೆಗೆಯದೆ ಪ್ರಾಮಾಣಿಕವಾಗಿ ಬಳಸಿದರೂ ಮಾದರಿ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುವ ಸಂಭವವಿದೆ. ಅಂಥವರು ಕೆನೆ ಸೇರಿಸಿಯೋ ಎಮ್ಮೆ ಹಾಲು ಬೆರೆಸಿಯೋ ಜಿಡ್ಡನ್ನು ಹೊಂದಿಸಿಕೊಳ್ಳತಕ್ಕದ್ದು. ಹಾಲಿನ ಸಸಾರಜನಕ ಋತುವಿನಿಂದ ಋತುವಿಗೆ ಬದಲಾಗುವುದರಿಂದ ಗೆರೆಯ ಮೇಲೆಯೇ ನಿಲ್ಲುವುದೂ ಜಾಣತನವಲ್ಲ. ಎಮ್ಮೆ ಹಾಲಿಗೆ ಶೇ. 5.8ರಿಂದ 6 ಎಂದು ತಜ್ಞರು ಸೂಚಿಸಿರುವಲ್ಲಿ ಮೃದುತ್ವದ ಜೊತೆಗೆ ಈ ಸುರಕ್ಷಿತ ಅಂತರವೂ ಸೇರಿದೆ.

ತುಪ್ಪ ತೆಗೆದರೆ ಲಾಭವೇ?

ಜಿಡ್ಡನ್ನು ತೆಗೆದು ತುಪ್ಪ ಮಾಡಿ ಮಾರಿದರೆ ಎರಡು ಉತ್ಪನ್ನಗಳಿಂದ ಆದಾಯ ಬರುತ್ತದೆ ಎಂಬ ವಾದ ಮೇಲ್ನೋಟಕ್ಕೆ ಆಕರ್ಷಕವಾಗಿದೆ. ಲೆಕ್ಕದ ಅನುಕೂಲಕ್ಕಾಗಿ ಪನೀರಿನ ಸಗಟು ಬೆಲೆ ಕೆ.ಜಿ.ಗೆ 320 ರೂ., ತುಪ್ಪದ ಬೆಲೆ 600 ರೂ. ಎಂದು ಊಹಿಸಿಕೊಳ್ಳೋಣ. ಪೂರ್ಣ ಜಿಡ್ಡಿನ ಹಾಲಿನಿಂದ ಬರುವ 21.7 ಕೆ.ಜಿ. ಪನೀರಿಗೆ 6,944 ರೂ. ಕೆನೆ ತೆಗೆದ ಹಾಲಿನ 18.3 ಕೆ.ಜಿ. ಪನೀರಿಗೆ ಅದೇ ಬೆಲೆ ಸಿಕ್ಕಿತೆಂದರೆ 5,856 ರೂ. 2 ಕೆ.ಜಿ. ಜಿಡ್ಡಿನಿಂದ, ಕೆನೆ ಬೇರ್ಪಡಿಸುವ ಮತ್ತು ಕಾಯಿಸುವ ಹಂತಗಳ ನಷ್ಟ ಕಳೆದು, 1.8 ಕೆ.ಜಿ. ತುಪ್ಪ ಬಂದರೆ 1,080 ರೂ. ಎರಡೂ ಸೇರಿ 6,936 ರೂ. ಅಂದರೆ ಕೆನೆ ತೆಗೆದದ್ದರಿಂದ ಬಂದ ಹೆಚ್ಚುವರಿ ಆದಾಯ ಏನೂ ಇಲ್ಲ. ಎಂಟು ರೂಪಾಯಿ ಕಡಿಮೆಯೇ ಆಗಿದೆ. ತುಪ್ಪ ಕಾಯಿಸಿದ ಇಂಧನ, ಕೂಲಿ, ಡಬ್ಬಿಯ ಖರ್ಚು ಇನ್ನೂ ಕಳೆಯಬೇಕಾಗಿದೆ.

ಬೆಲೆಗಳು ಊರಿಂದ ಊರಿಗೆ ಭಿನ್ನವಾಗುವುದರಿಂದ ಸದಸ್ಯರು ತಮ್ಮ ಅಂಕಿಗಳನ್ನೇ ಹಾಕಿ ನೋಡಬಹುದು. ಪನೀರಿನ ಬೆಲೆಯನ್ನು 1.7ರಿಂದಲೂ ತುಪ್ಪದ ಬೆಲೆಯನ್ನು 0.9ರಿಂದಲೂ ಗುಣಿಸಿದರೆ, ಒಂದು ಕಿಲೋ ಜಿಡ್ಡು ಎಲ್ಲಿ ಹೆಚ್ಚು ಗಳಿಸುತ್ತದೆ ಎಂಬುದು ತಿಳಿಯುತ್ತದೆ. ತುಪ್ಪದ ಕಡೆ ಸ್ವಲ್ಪ ಹೆಚ್ಚು ಬಂದರೂ, ರಬ್ಬರಿನಂಥ ಪನೀರಿಗೆ ಮೊದಲಿನ ಬೆಲೆಯೇ ಸಿಗುತ್ತದೆಂಬ ಊಹೆ ಆ ಲೆಕ್ಕದಲ್ಲಿ ಅಡಗಿದೆ ಎಂಬುದನ್ನು ಮರೆಯಬಾರದು. ಮೇಲಿನ ಉದಾಹರಣೆಯಲ್ಲಿ ಕೇವಲ ಒಂದು ಕಿಲೋ ಪನೀರ್ ಹಿಂದಿರುಗಿ ಬಂದರೂ 320 ರೂ. ಹೋದಂತಾಯಿತು.

ತೆರಿಗೆಯ ದೃಷ್ಟಿಯಿಂದಲೂ ಒಂದು ಅಂಶವಿದೆ. ಮೊದಲಿನಿಂದಲೂ ವಿನಾಯಿತಿ ಇದ್ದ ಬಿಡಿ ಪನೀರಿನಂತೆಯೇ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಪನೀರಿಗೂ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಇಲ್ಲ. ಅದೇ ದಿನದಿಂದ ತುಪ್ಪದ ದರ ಶೇ. 12ರಿಂದ 5ಕ್ಕೆ ಇಳಿದಿದೆಯೇ ಹೊರತು ಪೂರ್ತಿ ಹೋಗಿಲ್ಲ. ಕೇವಲ ವಿನಾಯಿತಿ ಪಡೆದ ಸರಕನ್ನೇ ಮಾರುವವರಿಗೆ ಸಾಮಾನ್ಯವಾಗಿ ನೋಂದಣಿಯ ಅಗತ್ಯವಿಲ್ಲ. ಆದರೆ ತೆರಿಗೆಗೆ ಒಳಪಟ್ಟ ತುಪ್ಪವನ್ನು ಮಾರತೊಡಗಿದೊಡನೆ, ವಿನಾಯಿತಿ ಪಡೆದ ಪನೀರಿನ ಮಾರಾಟವೂ ಒಟ್ಟು ವಹಿವಾಟಿನಲ್ಲಿ ಸೇರಿ 40 ಲಕ್ಷ ರೂ. ಮಿತಿಗೆ ಲೆಕ್ಕವಾಗುತ್ತದೆ. ದಿನಕ್ಕೆ 500 ಕೆ.ಜಿ. ಹಾಲು ಬಳಸುವ ಘಟಕದ ಪನೀರ್ ವಹಿವಾಟು ನಮ್ಮ ಊಹೆಯ ಬೆಲೆಯಲ್ಲಿ ವರ್ಷಕ್ಕೆ ಒಂದು ಕೋಟಿ ದಾಟುತ್ತದೆ. ದಿನಕ್ಕೆ ಒಂಬತ್ತು ಕಿಲೋ ತುಪ್ಪಕ್ಕಾಗಿ ಇಡೀ ಘಟಕ ನೋಂದಣಿ, ವಿವರಣಾ ಪತ್ರ, ಹೂಡುವಳಿ ತೆರಿಗೆಯ ಹಂಚಿಕೆ ಇವುಗಳ ವ್ಯಾಪ್ತಿಗೆ ಬರುತ್ತದೆ. ಅದು ತಪ್ಪೇನೂ ಅಲ್ಲ. ಆದರೆ ಅದರ ವೆಚ್ಚವನ್ನು ತುಪ್ಪದ ಖಾತೆಗೇ ಹಾಕಿ ಲಾಭ ನೋಡಬೇಕು.

ಇಡಬೇಕಾದ ಲೆಕ್ಕ

ಅನೇಕ ಘಟಕಗಳಲ್ಲಿ ಹಾಲನ್ನು ಲೀಟರಿನಲ್ಲಿ ಕೊಂಡು ಪನೀರನ್ನು ಕಿಲೋದಲ್ಲಿ ಮಾರುತ್ತಾರೆ. ಇಳುವರಿಯನ್ನು ಲೀಟರಿನ ಮೇಲೆ ಹೇಳುತ್ತಾರೆ. 100 ಲೀಟರ್ ಹಾಲು ಸುಮಾರು 103 ಕೆ.ಜಿ. ತೂಗುವುದರಿಂದ, ಲೀಟರಿನ ಮೇಲೆ ಹೇಳಿದ ಇಳುವರಿ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದುದರಿಂದ ಮೊದಲ ನಿಯಮ, ಎಲ್ಲವನ್ನೂ ತೂಕದಲ್ಲೇ ಬರೆಯುವುದು.

ಎರಡನೆಯದು, ಪ್ರತಿ ಬ್ಯಾಚಿಗೆ ಜಿಡ್ಡಿನ ಜಮಾ-ಖರ್ಚು ಬರೆಯುವುದು. ಜಮಾ ಕಡೆ ಹಾಲಿನ ತೂಕ ಮತ್ತು ಜಿಡ್ಡಿನ ಶೇಕಡಾವಾರು. ಖರ್ಚಿನ ಕಡೆ ಹಾಲೊಡಕಿನ ತೂಕ ಮತ್ತು ಅದರ ಜಿಡ್ಡು. ಡೇರಿಯಲ್ಲಿ ಹಾಲು ಪರೀಕ್ಷಿಸುವ ಗರ್ಬರ್ ಉಪಕರಣದಿಂದಲೇ ಹಾಲೊಡಕನ್ನೂ ಪರೀಕ್ಷಿಸಬಹುದು. 100 ಕೆ.ಜಿ. ಹಾಲಿಗೆ ಆಮ್ಲದ ನೀರೂ ಸೇರಿ ಸುಮಾರು 100 ಕೆ.ಜಿ. ಹಾಲೊಡಕು ಬರುವುದರಿಂದ ಲೆಕ್ಕ ಸುಲಭ: ಹಾಲೊಡಕಿನ ಜಿಡ್ಡು ಶೇ. 0.4 ಇದ್ದರೆ 400 ಗ್ರಾಂ ಹೋಗಿದೆ ಎಂದರ್ಥ. ನಮ್ಮ ಉದಾಹರಣೆಯಲ್ಲಿ ಇಷ್ಟನ್ನು ಒಪ್ಪಿಕೊಳ್ಳಲಾಗಿದೆ. ಅದು ಶೇ. 0.8ಕ್ಕೆ ಏರಿದರೆ ಇನ್ನೂ 400 ಗ್ರಾಂ ಜಿಡ್ಡು, ಅಂದರೆ ಸುಮಾರು 700 ಗ್ರಾಂ ಪನೀರ್ ಚರಂಡಿಗೆ ಹೋಗಿದೆ.

ಹಾಲಿನ ಜಿಡ್ಡು, ಹಾಲೊಡಕಿನ ಜಿಡ್ಡು, ಪನೀರಿನ ತೂಕ ಈ ಮೂರು ಅಂಕಿಗಳ ಎದುರು ಒಡೆಸಿದ ಉಷ್ಣತೆಯನ್ನೂ ಬರೆದಿಟ್ಟರೆ ಗ್ರಾಹಕರ ದೂರು ಬಂದಾಗ ಕಾರಣ ಪುಸ್ತಕದಲ್ಲೇ ಸಿಗುತ್ತದೆ. ಪನೀರ್ ರಬ್ಬರಿನಂತಿದ್ದು ಹಾಲಿನ ಜಿಡ್ಡೇ ಕಡಿಮೆ ಇದ್ದರೆ ದೋಷ ಖರೀದಿಯದು. ಹಾಲಿನ ಜಿಡ್ಡು ಸರಿಯಿದ್ದು, ಹಾಲೊಡಕು ತಿಳಿಯಾಗಿದ್ದು, ತೂಕ ಮಾತ್ರ ಕಡಿಮೆಯಿದ್ದರೆ ಹೋಗಿರುವುದು ನೀರು. ಉಷ್ಣತೆಯನ್ನೂ ಒತ್ತುವ ಅವಧಿಯನ್ನೂ ನೋಡಬೇಕು. ಪನೀರ್ ಪುಡಿಯಾಗುತ್ತಿದ್ದು ಹಾಲೊಡಕಿನ ಜಿಡ್ಡು ಹೆಚ್ಚಿದ್ದರೆ ತಿರುವುವ ಕೈಯನ್ನು ನೋಡಬೇಕು. ಪುಡಿಯಾಗುತ್ತಿದ್ದರೂ ಹಾಲೊಡಕು ತಿಳಿಯಾಗಿಯೇ ಇದ್ದು ಬಾಯಿಗೆ ಹುಳಿ ತಿಳಿದರೆ ಆಮ್ಲದ ಅಳತೆಯನ್ನೂ ಹಾಲು ಎಷ್ಟು ಹೊತ್ತಿನದು ಎಂಬುದನ್ನೂ ಪರಿಶೀಲಿಸಬೇಕು.

ತೂಕವೊಂದನ್ನೇ ಗುರಿಯಾಗಿಟ್ಟುಕೊಳ್ಳುವುದರಲ್ಲಿಯೂ ಅಪಾಯವಿದೆ. ಅದೇ 10 ಕೆ.ಜಿ. ಘನಾಂಶದಿಂದ ತೇವಾಂಶ ಶೇ. 60 ಇಟ್ಟರೆ 25 ಕೆ.ಜಿ. ಪನೀರ್ ತೂಗಬಹುದು. ಆದರೆ ಅದು ಕಾನೂನಿನ ಅಂಚಿನಲ್ಲಿರುತ್ತದೆ, ತುಂಡು ನಿಲ್ಲುವುದಿಲ್ಲ, ಬೇಗನೆ ಕೆಡುತ್ತದೆ. ಪುಸ್ತಕದಲ್ಲಿ ಇಳುವರಿ ಇದ್ದಕ್ಕಿದ್ದಂತೆ ಏರಿದ ದಿನವನ್ನೂ ಇಳಿದ ದಿನದಷ್ಟೇ ಅನುಮಾನದಿಂದ ನೋಡತಕ್ಕದ್ದು. ನಮ್ಮ ಉದಾಹರಣೆಯ ಹಾಲಿಗೆ 21ರಿಂದ 22 ಕೆ.ಜಿ.ಯ ನಡುವೆ ನಿಲ್ಲುವ ಇಳುವರಿಯೇ ಸರಿಯಾದುದು. ತಮ್ಮ ಹಾಲಿಗೆ ಅಂಥ ಮಿತಿ ಯಾವುದು ಎಂಬುದನ್ನು ಒಂದು ತಿಂಗಳ ದಾಖಲೆಯಿಂದ ಪ್ರತಿಯೊಬ್ಬ ತಯಾರಕರೂ ಗೊತ್ತುಪಡಿಸಿಕೊಳ್ಳಬಹುದು.